ಆರನೇ ದಿನದ ಸಾಲು

ಆ ದಿನಸಿ ಅಂಗಡಿಗೆ ಬರುವವರೆಲ್ಲ ಅವಳನ್ನು ತಕ್ಕಡಿ ಅಕ್ಕ ಎಂದೇ ಕರೆಯುತ್ತಿದ್ದರು. ಅಂಗಡಿಯಿಂದ ತಕ್ಕಡಿ ಹೋಗಿ ಅಂಕಿ ಮಿನುಗುವ ಯಂತ್ರ ಬಂದು ಹನ್ನೆರಡು ವರ್ಷವಾಗಿತ್ತು. ಹೆಸರು ಮಾತ್ರ ಹೋಗಿರಲಿಲ್ಲ. ಹತ್ತೊಂಬತ್ತು ವರ್ಷ ಅದೇ ಗಲ್ಲಾದ ಹಿಂದೆ ನಿಂತು ಮಂಡಿ ಸವೆಸಿಕೊಂಡವಳು. ಯಾರಾದರೂ ಅರ್ಧ ಕಿಲೋ ಬೇಳೆ ಕೇಳಿದರೆ, ಅವಳು ಸೌಟಿನಲ್ಲಿ ಮೊಗೆದು ಸುರಿದದ್ದು ಹೆಚ್ಚೂಕಮ್ಮಿ ಅರ್ಧ ಕಿಲೋಗೇ ಬಂದು ನಿಲ್ಲುತ್ತಿತ್ತು. ಅದರ ಬಗ್ಗೆ ಅವಳಿಗೆ ತುಸು ಜಂಬವೂ ಇತ್ತು. ಇರಲಿ ಬಿಡಿ, ಜಂಬಪಡಲಿಕ್ಕೆ ಅವಳಿಗೆ ಬೇರೇನಿತ್ತು?

ಇನ್ನೊಂದಿತ್ತು, ಮರೆತೆ. ಅದು ಅವಳ ಸಹಿ.

ಮೊದಲೆಲ್ಲ ಆ ಅಂಗಡಿಯಲ್ಲಿ ಹೊಸಬರಿಗೆ ಕೆಲಸ ಕಲಿಸುವುದೆಂದರೆ ಪಕ್ಕದಲ್ಲಿ ನಿಲ್ಲಿಸಿಕೊಂಡು ನೋಡ್ಕೋ ಅನ್ನುವುದಷ್ಟೇ. ಬಂದವರು ನೋಡುತ್ತಿದ್ದರು, ತಿಂಗಳು ಕಳೆಯುವಷ್ಟರಲ್ಲಿ ಬಿಟ್ಟು ಹೋಗುತ್ತಿದ್ದರು. ದೊಡ್ಡ ಯಜಮಾನರು ತೀರಿಕೊಂಡು ಅವರ ಸೊಸೆ ಅಂಗಡಿ ವಹಿಸಿಕೊಂಡ ಮೇಲೆ, ಆ ಯಜಮಾನಮ್ಮ ಅಕ್ಕನನ್ನು ಎದುರು ಕೂರಿಸಿಕೊಂಡು, ನಿಮ್ಮ ತಲೆಯಲ್ಲಿರುವುದನ್ನೆಲ್ಲ ಹೇಳಿ ಎಂದು ಕೇಳಿ ಕೇಳಿ ಬರೆದುಕೊಂಡರು. ಅದೇ ಹದಿನಾಲ್ಕು ದಿನದ ಪಟ್ಟಿ. ದಿನಕ್ಕೊಂದು ಸಾಲು. ಖಾಲಿ ಡಬ್ಬ ಇಟ್ಟು ಯಂತ್ರವನ್ನು ಸೊನ್ನೆಗೆ ತಂದು ಆಮೇಲೆ ಸುರಿಯಬೇಕು ಅನ್ನುವುದರಿಂದ ಹಿಡಿದು, ಹಳೆಯ ಸರಕು ಮುಂದೆ ಹೊಸದು ಹಿಂದೆ ಜೋಡಿಸುವುದು, ಸಾಬೂನು ಫಿನಾಯಿಲನ್ನು ತಿನ್ನುವ ಪದಾರ್ಥದ ಚೀಲಕ್ಕೆ ಹಾಕದಿರುವುದು, ಫೋನಿನಲ್ಲಿ ದುಡ್ಡು ಕಳಿಸಿದೆ ಅಂದವರ ಫೋನು ನೋಡದೆ, ದುಡ್ಡು ಬಂದದ್ದನ್ನು ತೋರಿಸುವ ನಮ್ಮ ಯಂತ್ರ ನೋಡುವುದು, ಹೀಗೆ. ಹದಿಮೂರನೇ ದಿನ ಅರ್ಧ ದಿನ ಒಬ್ಬರೇ ಗಲ್ಲಾ ನಡೆಸಬೇಕು. ಹದಿನಾಲ್ಕನೇ ದಿನ ಯಜಮಾನಮ್ಮ ಒಂದು ಗಂಟೆ ಪಕ್ಕದಲ್ಲಿ ಸುಮ್ಮನೆ ನಿಂತು ನೋಡಿ ಕೆಳಗೆ ರುಜು ಹಾಕಿದರೆ ಕೆಲಸ ಖಾಯಂ.

ಪ್ರತಿ ಸಾಲಿನ ಎದುರು ಮೂರು ಚೌಕ. ತೋರಿಸಿದೆ, ಜೊತೆಯಲ್ಲಿ ಮಾಡಿಸಿದೆ, ಒಬ್ಬಳೇ ಮಾಡಿದ್ದನ್ನು ನಿಂತು ನೋಡಿದೆ. ಮೂರಕ್ಕೂ ಗುರುತು ಬಿದ್ದ ಮೇಲೆ ಕಲಿಸಿದವರ ಸಹಿ. ಮೂರನೆಯ ಚೌಕ ಹಾಕಿಸಿದ್ದೇ ಅಕ್ಕ. ತೋರಿಸಿದರೆ ಸಾಲದಮ್ಮ, ಮಾಡಿದ್ದನ್ನ ನೋಡಬೇಕು ಎಂದು ಅವತ್ತು ಅವಳೇ ಹೇಳಿದ್ದಳು. ಯಜಮಾನಮ್ಮನಿಗೆ ಅದು ಎಷ್ಟು ಹಿಡಿಸಿತೆಂದರೆ, ಆಮೇಲೆ ಅಕ್ಕನ ಸಹಿ ಬಿದ್ದ ಸಾಲನ್ನು ಅವರು ಮರುಪರೀಕ್ಷೆ ಮಾಡುತ್ತಲೇ ಇರಲಿಲ್ಲ.

ಈ ವರ್ಷ ಸರಕಿನ ಗೋದಾಮಿನಲ್ಲಿ ಮೂಟೆ ಇಳಿಸುತ್ತಿದ್ದ ಅಕ್ಕನ ಮಗನ ಸೊಂಟ ಹಿಡಿದುಕೊಂಡಿತು. ಆರು ತಿಂಗಳು ಭಾರ ಎತ್ತಬಾರದು ಅಂದರು ಡಾಕ್ಟರು. ಮಗ ಗೋಡೆಗೆ ದಿಂಬು ಒರಗಿಸಿಕೊಂಡು ಟಿವಿ ನೋಡುತ್ತ, ಎಲ್ಲರ ಮೇಲೂ ಸಿಡುಕುತ್ತ ಕೂತ. ಅದೇ ಹೊತ್ತಿಗೆ ಅಂಗಡಿಯಲ್ಲಿ ಇನ್ನೊಬ್ಬರು ಬೇಕಾಗಿದ್ದರು. ಅಕ್ಕ ತನ್ನ ಸೊಸೆಯ ಮಾತು ಎತ್ತಿದಳು. ಯಜಮಾನಮ್ಮ ಎರಡು ಸಲ ಯೋಚನೆ ಮಾಡಿದರು. ಮನೆಯವರಿಗೆ ಮನೆಯವರೇ ಕಲಿಸಿದರೆ ಕಷ್ಟ ಅಕ್ಕ ಅಂದರು. ಬೇರೆಯವರಿಗಿಂತ ಒಂದು ಕೈ ಹೆಚ್ಚೇ ನೋಡ್ತೀನಿ ಎಂದು ಅಕ್ಕ ಮಾತು ಕೊಟ್ಟಳು.

ಸೊಸೆ ಚುರುಕು. ಮಾತು ಕಡಿಮೆ. ಮೊದಲ ದಿನವೇ ಯಾವ ಕಪಾಟಿನಲ್ಲಿ ಏನಿದೆ ಅನ್ನುವುದನ್ನು ಬಾಯಿಪಾಠ ಮಾಡಿಕೊಂಡಳು. ಅತ್ತೆಗೆ ಒಳಗೊಳಗೇ ಖುಷಿ. ಆದರೆ ಬೆಳಗಿನ ಹೊತ್ತು ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಒಂದೊಂದನ್ನೂ ತೋರಿಸುತ್ತ ನಿಂತರೆ ಸಾಲಿನಲ್ಲಿರುವವರು ಗೊಣಗುತ್ತಾರೆ. ಹೀಗಾಗಿ ನಾಲ್ಕನೇ ದಿನದಿಂದ ಅಕ್ಕ ಒಂದು ಸುಲಭದ ದಾರಿ ಕಂಡುಕೊಂಡಳು. ಇಬ್ಬರೂ ಇರುವುದು ಒಂದೇ ಮನೆಯಲ್ಲಿ ತಾನೇ? ಸಂಜೆ ಮನೆಗೆ ಹೋಗಿ ಅಡುಗೆಮನೆಯಲ್ಲೇ ಪಾಠ. ಊಟದ ತಟ್ಟೆಯೇ ಯಂತ್ರದ ತಟ್ಟೆ, ಬೇಳೆ ಡಬ್ಬವೇ ಅಂಗಡಿಯ ಡಬ್ಬ, ಒಲೆಯ ಕಟ್ಟೆಯೇ ಗಲ್ಲಾ. ಅಕ್ಕ ಗಿರಾಕಿಯಾಗಿ ಬಂದು ಚೌಕಾಸಿ ಮಾಡುವಳು, ಸೊಸೆ ನಗು ತಡೆದುಕೊಂಡು ಉತ್ತರ ಕೊಡುವಳು. ಮದುವೆಯಾಗಿ ಮೂರು ವರ್ಷದಲ್ಲಿ ಆ ಇಬ್ಬರು ಅಷ್ಟು ನಕ್ಕಿದ್ದು ಆ ಒಂದು ವಾರದಲ್ಲೇ ಇರಬೇಕು. ಬೆಳಗ್ಗೆ ಅಂಗಡಿಗೆ ಹೋದೊಡನೆ ಅಕ್ಕ ಪಟ್ಟಿ ತೆಗೆದು ಮೂರೂ ಚೌಕಕ್ಕೆ ಗುರುತು ಹಾಕಿ ಸಹಿ ಮಾಡಿಬಿಡುತ್ತಿದ್ದಳು.

ಆರನೇ ದಿನದ ಸಾಲು ಸೌಟಿನದು. ಅಂಗಡಿಯಲ್ಲಿ ಬಿಡಿಯಾಗಿ ಮಾರುವ ಹಿಟ್ಟು, ಬೇಳೆ, ಕಾಳು ಎಲ್ಲ ಸೇರಿ ಇಪ್ಪತ್ತೆರಡು ಡಬ್ಬ. ಡಬ್ಬಕ್ಕೊಂದು ಸೌಟು, ಅದು ಆ ಡಬ್ಬ ಬಿಟ್ಟು ಕದಲಬಾರದು. ಕಡಲೆಕಾಯಿ ಪುಡಿಯ ಸೌಟಿಗೆ ಹಿಡಿಯ ಮೇಲೆ ಕೆಂಪು ಟೇಪು. ಅದನ್ನು ಬಳಸಿದ ಮೇಲೆ ಯಂತ್ರದ ತಟ್ಟೆಯ ಕಾಗದ ಬದಲಿಸಿ ತಟ್ಟೆ ಒರೆಸಬೇಕು. ಕಡಲೆಕಾಯಿ ಆಗದವರು ಇದ್ದಾರೆ. ಅಂಥವರಿಗೆ ಬಿಡಿ ಹಿಟ್ಟು ಕೊಡಲೇಬಾರದು, ಕಾರ್ಖಾನೆಯಲ್ಲಿ ಮುಚ್ಚಿ ಬಂದ ಪ್ಯಾಕೆಟ್ಟೇ, ಅದೂ ಅದರ ಮೇಲೆ ಬರೆದದ್ದನ್ನು ಓದಿ ನೋಡಿಯೇ ಕೊಡಬೇಕು. ಇಷ್ಟೂ ಆ ಸಾಲಿನಲ್ಲಿ ಬರೆದಿತ್ತು. ಆದರೆ ಮನೆಯ ಅಡುಗೆಮನೆಯಲ್ಲಿ ಎಂಟು ಡಬ್ಬಕ್ಕೂ ಇದ್ದದ್ದು ಒಂದೇ ಅಲ್ಯೂಮಿನಿಯಂ ಸೌಟು. ಆ ಸಂಜೆ ಸೊಸೆ ಒಂದು ಡಬ್ಬದಿಂದ ಮೊಗೆದು, ಸೌಟನ್ನು ಅಂಚಿಗೆ ಟಕ್ ಟಕ್ ಎಂದು ತಟ್ಟಿ, ಇನ್ನೊಂದಕ್ಕೆ ಇಳಿಸಿದಳು. ಎಲ್ಲರ ಮನೆಯಲ್ಲೂ ಹಾಗೇ ಅಲ್ಲವೇ? ಅಂಗಡಿಯಲ್ಲಿ ಬೇರೆ ಬೇರೆ ಸೌಟು ಇರುತ್ತೆ, ಅದರದ್ದೊಂದು ಕತೆ ಇದೆ, ನಾಳೆ ಅಲ್ಲೇ ತೋರಿಸ್ತೀನಿ ಅಂದಳು ಅಕ್ಕ. ಮರುದಿನ ಬೆಳಗ್ಗೆ ಎಂದಿನ ಅಭ್ಯಾಸದಂತೆ ಮೊದಲು ಸಹಿ ಹಾಕಿದಳು. ಅಷ್ಟರಲ್ಲಿ ಸರಕಿನ ಗಾಡಿ ಬಂತು. ತೋರಿಸುವುದು ತಲೆಯಿಂದ ಹಾರಿಹೋಯಿತು.

ಹನ್ನೊಂದನೇ ದಿನ ಮಧ್ಯಾಹ್ನ ಅಕ್ಕ ಹಿಂದಿನ ಕೋಣೆಯಲ್ಲಿ ಊಟಕ್ಕೆ ಕೂತಿದ್ದಾಗ, ಎದುರು ಸಾಲಿನ ದರ್ಜಿ ಬಂದ. ಅವನ ಆರು ವರ್ಷದ ಮಗಳಿಗೆ ಕಡಲೆಕಾಯಿ ಆಗುವುದಿಲ್ಲ. ಅಕ್ಕ ಇದ್ದರೆ ಅವನು ಬಾಯಿ ಬಿಡುವ ಮೊದಲೇ ಮುಚ್ಚಿದ ಪ್ಯಾಕೆಟ್ಟು ತೆಗೆದಿಡುತ್ತಿದ್ದಳು. ಹಾಗಾಗಿ ಹೇಳುವ ಅಭ್ಯಾಸವೇ ಅವನಿಗೆ ತಪ್ಪಿಹೋಗಿತ್ತು. ಕಿವಿಗೆ ಫೋನು ಒತ್ತಿಕೊಂಡು, ಒಂದು ಕಿಲೋ ಅಕ್ಕಿ ಹಿಟ್ಟು ಅಂದ. ಅವನಿಗಿಂತ ಮೊದಲು ಬಂದ ಗಿರಾಕಿಗೆ ಸೊಸೆ ಆಗಷ್ಟೇ ಕಡಲೆಕಾಯಿ ಪುಡಿ ತೂಗಿ ಕೊಟ್ಟಿದ್ದಳು. ಕೈಯಲ್ಲಿದ್ದ ಸೌಟನ್ನು ಡಬ್ಬದ ಅಂಚಿಗೆ ಟಕ್ ಟಕ್ ಎಂದು ತಟ್ಟಿ ಅಕ್ಕಿ ಹಿಟ್ಟಿಗೆ ಇಳಿಸಿದಳು.

ಮರುದಿನ ಅಂಗಡಿ ತೆರೆದು ಅರ್ಧ ಗಂಟೆಯಾಗಿತ್ತು. ದರ್ಜಿ ಬಂದು ಹಿಟ್ಟಿನ ಚೀಲವನ್ನು ಗಲ್ಲಾದ ಮೇಲೆ ಇಟ್ಟ. ಕೂಗಾಡಲಿಲ್ಲ. ರಾತ್ರಿ ಊಟವಾದ ಕೂಡಲೇ ಮಗಳ ತುಟಿ, ಕಣ್ಣು ಊದಿಕೊಂಡವಂತೆ, ಉಸಿರು ಸಿಕ್ಕಿಕೊಂಡಿತಂತೆ. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ, ಮೂಗಿಗೆ ಕೊಳವೆ ಹಾಕಿ ಉಳಿಸಿಕೊಂಡರು. ಇನ್ನೂ ಅಲ್ಲೇ ಇದ್ದಾಳೆ. ಇಷ್ಟು ಹೇಳಿ, ಇದರಲ್ಲಿ ಏನು ಬಿದ್ದಿದೆ ನೋಡಿ ಅಂದ.

ಯಜಮಾನಮ್ಮ ಅಕ್ಕಿ ಹಿಟ್ಟಿನ ಡಬ್ಬದ ಮುಚ್ಚಳ ತೆಗೆದರು. ಕೆಂಪು ಟೇಪಿನ ಸೌಟು ಅದರೊಳಗೇ ನೆಟ್ಟಗೆ ನಿಂತಿತ್ತು.

ಯಜಮಾನಮ್ಮ ಮೊದಲು ದರ್ಜಿಯ ಕೈ ಹಿಡಿದು ತಪ್ಪೊಪ್ಪಿಕೊಂಡರು, ಆಸ್ಪತ್ರೆಯ ಖರ್ಚು ತಮ್ಮದು ಅಂದರು. ಹಿಟ್ಟಿನ ಡಬ್ಬ ಪೂರ್ತಿ ಮಾರಾಟದಿಂದ ತೆಗೆಸಿ, ಹಿಂದಿನ ಮಧ್ಯಾಹ್ನದ ಬಿಲ್ಲುಗಳನ್ನು ತೆಗೆದು, ಬಿಡಿ ಹಿಟ್ಟು ಒಯ್ದವರಿಗೆಲ್ಲ ತಾವೇ ಫೋನು ಮಾಡಿದರು. ಅದಾದ ಮೇಲೆ ಪಟ್ಟಿ ತೆಗೆದು ಆರನೇ ಸಾಲಿನ ಮೇಲೆ ಬೆರಳಿಟ್ಟರು. ಮೂರು ಚೌಕ, ಮೂರು ಗುರುತು, ಪಕ್ಕದಲ್ಲಿ ಅಕ್ಕನ ದುಂಡು ಸಹಿ. ಅವರು ಅಕ್ಕನನ್ನು ಏನೂ ಕೇಳಲಿಲ್ಲ. ಆ ಸಹಿಯ ಮೇಲೆ ಅವರಿಗಿದ್ದ ನಂಬಿಕೆ ಅಂಥದ್ದು. ಕೇಳಿದ್ದು ಸೊಸೆಯನ್ನು.

"ಇದನ್ನ ನಿಂಗೆ ಹೇಳಿಕೊಟ್ಟಿದ್ದಾರಲ್ಲಮ್ಮ?"

ಸೊಸೆ ಒಂದು ಸಲ ಅತ್ತೆಯ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು.

"ಹೇಳಿಕೊಟ್ಟಿದ್ರು. ನಾನೇ ತಪ್ಪು ಮಾಡಿದೆ."

ಅಕ್ಕ ಬಾಯಿ ತೆರೆದಳು. ದರ್ಜಿ ನೋಡುತ್ತಿದ್ದ, ಯಜಮಾನಮ್ಮ ನೋಡುತ್ತಿದ್ದರು, ಬಾಗಿಲಲ್ಲಿ ಇಬ್ಬರು ಗಿರಾಕಿಗಳು ನಿಂತಿದ್ದರು. ಹತ್ತೊಂಬತ್ತು ವರ್ಷ. ಈಗ ಬೇಡ, ಎಲ್ಲರೂ ಹೋದ ಮೇಲೆ ಹೇಳೋಣ ಅಂದುಕೊಂಡಳು. ಹೇಳಬೇಕಾದವರು ಯಾವತ್ತೂ ಹಾಗೇ ತಾನೇ ಅಂದುಕೊಳ್ಳುವುದು! ನಾಳೆಯಿಂದ ಬರಬೇಡ ಎಂದು ಯಜಮಾನಮ್ಮ ಸೊಸೆಗೆ ಮೆಲ್ಲಗೆ ಹೇಳಿದರು. ಸೊಸೆ ಏಪ್ರನ್ ಬಿಚ್ಚಿ ಮಡಿಸಿ ಗಲ್ಲಾದ ಮೇಲಿಟ್ಟು ಹೋದಳು. ಎಲ್ಲರೂ ಹೋದರು. ಅಕ್ಕ ಹೇಳಲಿಲ್ಲ.

ಆ ಸಂಜೆ ಮನೆಯಲ್ಲಿ ಮಗ ಹೆಂಡತಿಯನ್ನು ತರಾಟೆಗೆ ತೆಗೆದುಕೊಂಡ. ಸೊಂಟದ ನೋವು, ಖಾಲಿ ಕೂತ ಸಿಟ್ಟು, ಎಲ್ಲ ಅವಳ ಮೇಲೆ. "ಅಮ್ಮ ಅಷ್ಟು ಕಣ್ಣಲ್ಲಿ ಕಣ್ಣಿಟ್ಟು ಹೇಳಿಕೊಟ್ಟರೂ ನಿಂಗೆ ತಲೆಗೆ ಹೋಗಲ್ವಾ? ಒಂದು ಮಗು ಸಾಯ್ತಿತ್ತು." ಸೊಸೆ ರೊಟ್ಟಿ ಬೇಯಿಸುತ್ತಿದ್ದವಳು ತಿರುಗಿ ನೋಡಲಿಲ್ಲ. ಅಕ್ಕ ತಟ್ಟೆಯ ಮುಂದೆ ಕೂತಿದ್ದಳು. ಬಡಿಸಿದ್ದನ್ನು ಉಂಡಳು. ಸಾಕು ಬಿಡೋ ಎಂದಷ್ಟೇ ಅಂದಳು. ಅಮ್ಮನದು ಎಷ್ಟು ದೊಡ್ಡ ಮನಸ್ಸು ನೋಡು ಎಂದು ಮಗ ಅದಕ್ಕೂ ಹೆಂಡತಿಯನ್ನೇ ಚುಚ್ಚಿದ.

ಮೂರು ದಿನ ಅಕ್ಕ ಒಬ್ಬಳೇ ಅಂಗಡಿಗೆ ಹೋದಳು. ದರ್ಜಿಯ ಮಗಳು ಮನೆಗೆ ಬಂದಳೆಂಬ ಸುದ್ದಿ ಎರಡನೇ ದಿನ ಬಂತು. ಗಲ್ಲಾ ಹಿಡಿದುಕೊಂಡು ಅಕ್ಕ ಒಂದು ನಿಮಿಷ ಕಣ್ಣು ಮುಚ್ಚಿದಳು. ಗಿರಾಕಿಗಳು ಬಂದು ಸಮಾಧಾನ ಹೇಳುತ್ತಿದ್ದರು. ನಿಮ್ಮಂಥವರ ಮನೆಗೆ ಎಂಥ ಸೊಸೆ ಬಂದಳಕ್ಕ, ಪಾಪ, ನೀವೇನು ಮಾಡ್ತೀರಿ, ಅಂತ. ಒಬ್ಬಾಕೆಯಂತೂ, ಬೇಕಂತಲೇ ಮಾಡಿರಬೇಕು, ಕೆಲಸ ಮಾಡಲು ಇಷ್ಟವಿಲ್ಲದವರು ಹೀಗೇ ಎಂದಳು. ಅಕ್ಕ ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಸಕ್ಕರೆ ಎಷ್ಟು ಬೇಕು ಎಂದು ಕೇಳಿದಳು. ಆ ಮೂರು ದಿನ ಅವಳ ಕೈಯ ಅಂದಾಜು ತಪ್ಪುತ್ತಲೇ ಇತ್ತು. ಅರ್ಧ ಕಿಲೋ ಎಂದು ಸುರಿದರೆ ಆರುನೂರು ಗ್ರಾಂ ತೋರಿಸುವುದು, ಮತ್ತೆ ತೆಗೆಯುವುದು.

ಮೂರನೇ ದಿನ ಸಂಜೆ ಮನೆಗೆ ಬಂದಾಗ ಸೊಸೆ ಹೊರಗಿನಿಂದ ಆಗಷ್ಟೇ ಬಂದು ಚಪ್ಪಲಿ ಬಿಡುತ್ತಿದ್ದಳು. ಬೇಕರಿಯಲ್ಲಿ ಪ್ಯಾಕಿಂಗಿಗೆ ಜನ ಬೇಕು ಎಂದು ಬೋರ್ಡು ಹಾಕಿದ್ದರಂತೆ, ಕೇಳಲು ಹೋಗಿದ್ದಳು. ಬೇಕರಿಯವಳು ಮುಖ ನೋಡಿದವಳೇ, ದರ್ಜಿ ಮಗಳಿಗೆ ಹಿಟ್ಟು ಕೊಟ್ಟವಳು ನೀನೇ ಅಲ್ವಾ ಎಂದು ಕೇಳಿದಳಂತೆ. ತಿನ್ನೋ ಪದಾರ್ಥದ ಹತ್ತಿರ ನಿನ್ನನ್ನ ಬಿಡೋದು ಹೇಗಮ್ಮ ಅಂದಳಂತೆ. ಸೊಸೆ ಇದನ್ನೆಲ್ಲ ಅಳದೆ, ಬೇರೆ ಯಾರದೋ ವಿಷಯ ಎಂಬಂತೆ ಹೇಳಿ ನೀರು ಕುಡಿದಳು. ಕೆಲಸ ಹೋದದ್ದಷ್ಟೇ ಅಲ್ಲ, ಆ ಬೀದಿಗಳಲ್ಲಿ ಅವಳ ಹೆಸರೇ ಕೆಟ್ಟಿತ್ತು. ಇಪ್ಪತ್ತಾರು ವರ್ಷದ ಹುಡುಗಿ. ಇನ್ನು ಯಾವ ಅಂಗಡಿಯ ಮೆಟ್ಟಿಲು ಹತ್ತಿದರೂ ಇದೇ ಮಾತು. ಆ ಹೆಸರು ಕೆಡಿಸಿದ್ದು ಅಕ್ಕನ ಸುಳ್ಳು ಸಹಿ ಎಂದು ಗೊತ್ತಿದ್ದವರು ಜಗತ್ತಿನಲ್ಲಿ ಇಬ್ಬರೇ, ಇಬ್ಬರೂ ಆ ಬಾಗಿಲಲ್ಲೇ ನಿಂತಿದ್ದರು. ಅಕ್ಕನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮರುದಿನ ಗಿರಾಕಿಗಳು ಬರುವ ಮೊದಲೇ ಅವಳು ಯಜಮಾನಮ್ಮನ ಮುಂದೆ ಹೋಗಿ ನಿಂತಳು.

"ಅಮ್ಮ, ಸೌಟಿನ ವಿಷಯ ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಸುಮ್ಮನೆ ಸಹಿ ಹಾಕಿದೆ."

ಯಜಮಾನಮ್ಮ ಪಟ್ಟಿ ತೆಗೆದರು, ಪೆನ್ನು ಕೊಟ್ಟರು. ನಿಜವಾಗಿ ಅಂಗಡಿಯಲ್ಲಿ ನಿಂತು ನೋಡಿದ್ದು ಯಾವುದು, ನೋಡದೆ ಹಾಕಿದ್ದು ಯಾವುದು, ನೀವೇ ಗೆರೆ ಎಳೆಯಿರಿ ಅಂದರು. ಅಕ್ಕ ಒಂದೊಂದೇ ಸಾಲಿಗೆ ಬಂದಳು. ಒಂದು, ಎರಡು, ಮೂರು ಸರಿ. ನಾಲ್ಕು ಮನೆಯಲ್ಲಿ. ಐದು ಮನೆಯಲ್ಲಿ. ಆರಕ್ಕೂ ಗೆರೆ ಎಳೆದಳು. ಸಹಿ ಬಿದ್ದಿದ್ದ ಹನ್ನೊಂದು ಸಾಲಿನಲ್ಲಿ ಗೆರೆ ಬೀಳದೆ ಉಳಿದದ್ದು ನಾಲ್ಕು. ಮನೆಯಲ್ಲಿ ಸುಳ್ಳು ಹೇಳಿಕೊಟ್ಟಿಲ್ಲಮ್ಮ, ಎಲ್ಲ ಸರಿಯಾಗೇ ಹೇಳಿದ್ದೀನಿ ಎಂದು ನಡುವೆ ಒಮ್ಮೆ ಅಂದಳು. ಆದರೆ ಆ ಮಾತು ಅವಳ ಕಿವಿಗೇ ಸರಿಯೆನಿಸಲಿಲ್ಲ.

"ಮೂರನೇ ಚೌಕ ಬೇಕು ಅಂದವರು ನೀವು," ಅಂದರು ಯಜಮಾನಮ್ಮ. "ಮನೆಯವರಿಗೆ ಮನೆಯವರು ಬೇಡ ಅಂತ ನಾನು ಬಡ್ಕೊಂಡೆ."

ಅವರು ತೀರ್ಮಾನ ಮಾಡಿದ್ದು ಹೀಗೆ. ಸೊಸೆಗೆ ಹೊಸ ಪಟ್ಟಿ, ಒಂದನೇ ದಿನದಿಂದ, ಹದಿನಾಲ್ಕು ದಿನವೂ ಅವರೇ ಕಲಿಸುತ್ತಾರೆ. ಅಕ್ಕ ಇನ್ನು ಗೋದಾಮು, ಕಪಾಟು ನೋಡಿಕೊಳ್ಳಬೇಕು; ಯಾರ ಪಟ್ಟಿಗೂ ಸಹಿ ಹಾಕುವ ಹಾಗಿಲ್ಲ. ಮತ್ತೆ, ದರ್ಜಿಗೆ ಅವಳೇ ಹೋಗಿ ಹೇಳಬೇಕು.

ದರ್ಜಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ. ಅಕ್ಕ ನಿಂತೇ ಎಲ್ಲ ಹೇಳಿದಳು. ಅವನು ಬಟ್ಟೆಯ ಮೇಲಿನ ಕೈ ತೆಗೆಯದೆ ಕೇಳಿ, ನೀವು ಇದ್ದೀರಿ ಅಂತ ನಾನು ಹೇಳೋದನ್ನೇ ಬಿಟ್ಟಿದ್ದೆನಲ್ಲಕ್ಕ ಅಂದ. ಬೈದಿದ್ದರೆ ವಾಸಿಯಿತ್ತು. ಒಳಗಿನಿಂದ ಆ ಮಗು ಬಂದು ಅಪ್ಪನ ತೊಡೆಗೆ ಒರಗಿ ಇವಳನ್ನೇ ನೋಡಿತು. ಕಣ್ಣ ಸುತ್ತ ಇನ್ನೂ ಊತ ಪೂರ್ತಿ ಇಳಿದಿರಲಿಲ್ಲ.

ಸಂಜೆ ಮನೆಗೆ ಬಂದು ಅಕ್ಕ ಹೊಸ ಪಟ್ಟಿಯನ್ನು ಸೊಸೆಯ ಕೈಗೆ ಕೊಟ್ಟಳು. ನಾಳೆಯಿಂದ ಬರಬೇಕಂತೆ, ಯಜಮಾನಮ್ಮನೇ ಕಲಿಸ್ತಾರಂತೆ, ನಾನು ಎಲ್ಲ ಹೇಳಿಬಂದೆ, ದರ್ಜಿಗೂ ಹೇಳಿದೆ ಎಂದಳು. ಸೊಸೆಯ ಮುಖ ಅರಳುತ್ತದೆ ಎಂದು ಅವಳಿಗೆ ಆಸೆಯಿತ್ತು, ಯಾಕೆ ಸುಳ್ಳು ಹೇಳಲಿ. ಸೊಸೆ ಪಟ್ಟಿಯ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಓದಿದಳು.

"ಅವತ್ತು ನಾನೇ ತಪ್ಪು ಮಾಡಿದೆ ಅಂದೆನಲ್ಲ ಅತ್ತೆ," ಅಂದಳು ಮೆಲ್ಲಗೆ. "ಅದನ್ನ ಕೇಳಿದ ಮೇಲೆ ನೀವು ಸುಮ್ಮನಿರಲ್ಲ ಅಂದ್ಕೊಂಡೇ ಹಾಗಂದೆ. ಅಲ್ಲೇ ಹೇಳ್ತೀರಿ ಅಂದ್ಕೊಂಡೆ. ಮನೆಗೆ ಬಂದ ಮೇಲಾದರೂ ಹೇಳ್ತೀರಿ ಅಂದ್ಕೊಂಡೆ. ಅವರು ನನ್ನ ಬೈತಿದ್ದಾಗ ನೀವು ಊಟ ಮಾಡ್ತಿದ್ರಿ."

ಭಯ ಆಯಿತು ಕಣೇ ಎಂಬ ಮಾತು ಅಕ್ಕನ ಬಾಯಿತನಕ ಬಂದು, ಅದೂ ಒಂದು ನೆಪದ ಹಾಗೆ ಕಂಡು, ಒಳಗೇ ಉಳಿಯಿತು.

"ಯಜಮಾನಮ್ಮನಿಗೆ ಹೇಳಿದ್ರಿ, ದರ್ಜಿಗೆ ಹೇಳಿದ್ರಿ. ನಿಮ್ಮ ಮಗನಿಗೆ?"

ನಡುಮನೆಯಲ್ಲಿ ಟಿವಿ ಓಡುತ್ತಿತ್ತು. ಜಗತ್ತಿಗೆಲ್ಲ ಹೇಳಿ ಬಂದವಳಿಗೆ ಆ ಹತ್ತು ಹೆಜ್ಜೆ ಉದ್ದವಾಯಿತು. ಮಗನಿಗೆ ಎರಡು ವರ್ಷವಾಗಿದ್ದಾಗ ಗಂಡ ಹೋದ. ಆಮೇಲೆ ಆ ಹುಡುಗನ ಕಣ್ಣಲ್ಲಿ ಅವಳು ತಪ್ಪು ಮಾಡಿದ್ದೇ ಇಲ್ಲ. ಒಂದು ಸಲವೂ ಇಲ್ಲ. ಅದೊಂದನ್ನು ಇಟ್ಟುಕೊಳ್ಳಬಹುದು ಅಂದುಕೊಂಡಿದ್ದಳೋ ಏನೋ. ಹೊಸ್ತಿಲ ಮೇಲೆ ನಿಂತು, ಟಿವಿ ಆರಿಸೋ ಅಂದಳು. ಮಗ ಆರಿಸಿದ.

"ಆ ಸೌಟಿನದು ಅವಳಿಗೆ ಗೊತ್ತೇ ಇರಲಿಲ್ಲ ಕಣೋ. ನಾನು ಹೇಳಿಕೊಟ್ಟಿರಲಿಲ್ಲ. ನನ್ನ ಕೆಲಸ ಉಳೀಲಿ ಅಂತ, ನೀನು ಅವಳನ್ನ ಬೈತಿದ್ರೂ ನಾನು ಸುಮ್ಮನೆ ಕೂತೆ."

ಮಗ ಅವಳನ್ನು ಅರ್ಥವಾಗದವನಂತೆ ನೋಡಿದ. ನಿಧಾನವಾಗಿ ಅರ್ಥವಾಗುತ್ತ ಬಂದದ್ದು ಅವನ ಮುಖದಲ್ಲಿ ಕಂಡಿತು. ಗೋಡೆ ಹಿಡಿದು, ಸೊಂಟಕ್ಕೆ ಕೈ ಕೊಟ್ಟುಕೊಂಡು ಎದ್ದ. ಅಮ್ಮನನ್ನು ದಾಟಿಕೊಂಡು ಅಡುಗೆಮನೆಗೆ ಹೋದ. ಅಕ್ಕ ತಿರುಗಿ ನೋಡಲಿಲ್ಲ. ಒಳಗೆ ಅವರು ಮಾತಾಡುತ್ತಿದ್ದರು, ಬಹಳ ಸಣ್ಣ ದನಿಯಲ್ಲಿ, ಮತ್ತು ಅವಳು ಅಲ್ಲೇ ಹೊಸ್ತಿಲ ಮೇಲೆ, ಯಾರಾದರೂ ಕರೆಯುವವರೆಗೆ ನಿಲ್ಲಬೇಕೋ ಹೊರಗೆ ಹೋಗಬೇಕೋ ತಿಳಿಯದೆ ನಿಂತಿದ್ದಳು.